ನಿವೃತ್ತ ಫೌಂಡ್ರಿ ಎಂಜಿನಿಯರ್: ವಾರಕ್ಕೆ ಎರಡು ದಿನ ಸಲಹೆಗೆ ಸಿಗುತ್ತೇನೆ (ಬೆಳಗಾವಿ ಮತ್ತು ಸುತ್ತಮುತ್ತ)

ಹಳೇ ಕುಲುಮೆ

ಎಲ್ಲರಿಗೂ ನಮಸ್ಕಾರ. ಕಬ್ಬಿಣದ ಎರಕದ ಕಾರ್ಖಾನೆಗಳಲ್ಲಿ ಮೊದಲು ಸ್ಯಾಂಡ್ ಪ್ಲಾಂಟ್, ಆಮೇಲೆ ಮೆಲ್ಟಿಂಗ್, ಕೊನೆಗೆ ಕ್ವಾಲಿಟಿ ನೋಡಿಕೊಂಡು ನಿವೃತ್ತನಾಗಿದ್ದೇನೆ. ಮನೆ ಬೆಳಗಾವಿಯಲ್ಲಿ. ಪೂರ್ತಿ ಕೆಲಸ ಬೇಡ, ಆದರೆ ಸಣ್ಣ ಫೌಂಡ್ರಿಗಳಿಗೆ ರಿಜೆಕ್ಷನ್ ವಿಷಯದಲ್ಲಿ ನೆರವಾಗಬಹುದು ಅನ್ನಿಸಿದೆ. ಆಮೇಲೆ ಯಾರಿಗೂ ಬೇಜಾರಾಗಬಾರದು ಅಂತ ಮೊದಲೇ ಬಿಡಿಸಿ ಬರೆಯುತ್ತಿದ್ದೇನೆ.

ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಮೊದಲ ಹೀಟ್, ಅಂದರೆ ಫರ್ನೇಸಿನಲ್ಲಿ ಒಂದು ಸಲಕ್ಕೆ ಕರಗಿಸಿದ ಲೋಹ, ಸುರಿಯುವ ಹೊತ್ತಿಗೆ ಬಂದು ಸಂಜೆ ನಾಲ್ಕಕ್ಕೆ ಹೊರಡುತ್ತೇನೆ. ಉದ್ಯಮಬಾಗ್, ಮಚ್ಛೆ, ಹುಬ್ಬಳ್ಳಿ, ಕೊಲ್ಲಾಪುರದ ಕಡೆಗೆ ಅದೇ ದಿನ ಹೋಗಿ ಬರಬಹುದು. ಶಿವಮೊಗ್ಗದಂಥ ದೂರದ ಊರಾದರೆ ಒಂದು ರಾತ್ರಿ ಉಳಿಯುವ ವ್ಯವಸ್ಥೆ ನಿಮ್ಮದು. ಫೋನ್ ಸಂಜೆ ಆರರಿಂದ ಏಳರವರೆಗೆ ಮಾತ್ರ. ರಾತ್ರಿ ಪಾಳಿಯಲ್ಲಿ ಫರ್ನೇಸ್ ನಿಂತಿತು ಅಂತ ಕರೆದರೆ ನಾನು ಎತ್ತುವುದಿಲ್ಲ, ಎತ್ತಿದರೂ ಪ್ರಯೋಜನವಿಲ್ಲ. ಏಪ್ರಿಲ್, ಮೇ ತಿಂಗಳು ಮೊಮ್ಮಕ್ಕಳು ಬರುತ್ತಾರೆ, ಆಗ ಸಿಗುವುದಿಲ್ಲ.

ನನಗೆ ಗೊತ್ತಿರುವುದು ಗ್ರೇ ಐರನ್, ಎಸ್‌ಜಿ ಐರನ್, ಗ್ರೀನ್ ಸ್ಯಾಂಡ್ ಮೋಲ್ಡಿಂಗ್ ಮತ್ತು ರೆಸಿನ್ ಕೋರ್. ಸ್ಟೀಲ್ ಕಾಸ್ಟಿಂಗ್, ಅಲ್ಯೂಮಿನಿಯಂ ಡೈ ಕಾಸ್ಟಿಂಗ್, ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ನನ್ನ ಕ್ಷೇತ್ರವಲ್ಲ. ಫರ್ನೇಸಿನ ಎಲೆಕ್ಟ್ರಿಕಲ್ ಕೆಲಸಕ್ಕೆ, ಮಾಲಿನ್ಯ ಮಂಡಳಿಯ ಕಾಗದಪತ್ರಕ್ಕೆ, ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟಿಗೆ ಬೇರೆಯವರನ್ನು ನೋಡಿ. ಬೆಂಟೊನೈಟ್, ರೆಸಿನ್, ಮೆಷಿನ್ ಯಾವ ಕಂಪನಿಯದು ತೆಗೆದುಕೊಳ್ಳಬೇಕು ಅಂತ ಹೇಳುವುದಿಲ್ಲ. ಯಾವ ಸಪ್ಲೈಯರ್ ಹತ್ತಿರವೂ ಕಮಿಷನ್ ಇಲ್ಲ.

ನನಗೆ ಇಷ್ಟವಾದ ಕೆಲಸದ ರೀತಿ ಇದು. ಮೊದಲು ಒಂದು ದಿನದ ಭೇಟಿ. ಇಬ್ಬರಿಗೂ ಹಿಡಿಸಿದರೆ ಮೂರು ತಿಂಗಳು, ತಿಂಗಳಿಗೆ ಎರಡು ಭೇಟಿ. ಸಮಸ್ಯೆ ಒಂದೇ ಇರಲಿ, ಒಂದೇ ಪಾರ್ಟ್ ಇರಲಿ. ಭೇಟಿಗೆ 6,000 ರೂಪಾಯಿ, ಪ್ರಯಾಣದ ಖರ್ಚು ಬೇರೆ. ನಿಮ್ಮ ಸುಪರ್‌ವೈಸರ್‌ಗಳಲ್ಲಿ ಇಬ್ಬರು ದಿನವಿಡೀ ನನ್ನ ಜೊತೆ ಓಡಾಡಬೇಕು, ಇದು ಕಡ್ಡಾಯ. ಅವರು ಕಲಿಯದಿದ್ದರೆ ನಾನು ಬಂದದ್ದು ವ್ಯರ್ಥ. ಒಂದೇ ಗಿರಾಕಿಗೆ ಒಂದೇ ಪಾರ್ಟ್ ಕೊಡುವ ಎರಡು ಫೌಂಡ್ರಿಗಳಿಗೆ ಏಕಕಾಲಕ್ಕೆ ಹೋಗುವುದಿಲ್ಲ. ಹಿಂದೆ ಕೆಲಸ ಮಾಡಿದ ಕಡೆಯ ಚಾರ್ಜ್ ಮಿಕ್ಸ್, ಪ್ಯಾಟರ್ನ್ ಡ್ರಾಯಿಂಗ್ ಯಾರಿಗೂ ಕೊಡುವುದಿಲ್ಲ.

ಮಾಚೇನಹಳ್ಳಿಯವ

ಸರ್, ನಮಸ್ಕಾರ. ಶಿವಮೊಗ್ಗದಲ್ಲಿ ನಮ್ದು ಚಿಕ್ಕ ಫೌಂಡ್ರಿ. 500 ಕೆಜಿ ಇಂಡಕ್ಷನ್ ಫರ್ನೇಸ್, ಗ್ರೀನ್ ಸ್ಯಾಂಡು, ಆರ್ಪಾ ಮೆಷಿನ್ನು. ಎಸ್‌ಜಿ 450/10ರಲ್ಲಿ ಒಂದು ಬೇರಿಂಗ್ ಹೌಸಿಂಗ್ ಮಾಡ್ತೀವಿ, 9 ಕೆಜಿ ಪಾರ್ಟು. ನಾಲ್ಕು ಪರ್ಸೆಂಟ್ ಇದ್ದ ರಿಜೆಕ್ಷನ್ ಮಳೆಗಾಲ ಶುರುವಾದ ಮೇಲೆ ಹತ್ತು ದಾಟಿದೆ. ನಮ್ಮಲ್ಲಿ ನೋಡಿದಾಗ ಪಾರ್ಟ್ ಚೆನ್ನಾಗೇ ಕಾಣುತ್ತೆ. ಮೆಷಿನಿಂಗ್‌ಗೆ ಹೋದ ಮೇಲೆ ಸಣ್ಣ ಸಣ್ಣ ತೂತು ಬರ್ತಿದೆ. ನೀವು ಯಾವಾಗ ಬರಬಹುದು?

ಎರಡು ಶಿಫ್ಟ್

ಇದಕ್ಕೆ ಕನ್ಸಲ್ಟೆಂಟ್ ಯಾಕ್ರೀ? ಮಳೆಗಾಲ ಅಂದ್ರೆ ಮರಳಲ್ಲಿ ತೇವ ಜಾಸ್ತಿ. ಮಾಯಿಶ್ಚರ್ 2.5ಕ್ಕೆ ಇಳಿಸಿ, ಕೋಲ್ ಡಸ್ಟ್ ಸ್ವಲ್ಪ ಏರಿಸಿ, ವೆಂಟ್ ಚುಚ್ಚಿ. ಒಂದು ವಾರದಲ್ಲಿ ಸರಿಹೋಗುತ್ತೆ. ನಾವು ಪ್ರತಿ ಜೂನ್‌ನಲ್ಲಿ ಇದನ್ನೇ ಮಾಡೋದು.

ಹಳೇ ಕುಲುಮೆ

ಎರಡು ಶಿಫ್ಟ್ ಅವರೇ, ಎಸ್‌ಜಿಯಲ್ಲಿ ಮ್ಯಾಗ್ನೀಷಿಯಂ ಇರುವುದರಿಂದ ಮರಳಿನ ತೇವ ಪಿನ್‌ಹೋಲಿಗೆ ಕಾರಣವಾಗುತ್ತದೆ ಅನ್ನುವುದು ನಿಜ. ಆದರೆ ನೋಡದೆ 2.5ಕ್ಕೆ ಇಳಿಸಿದರೆ ಮೋಲ್ಡಿನ ಅಂಚು ಉದುರಿ ಮರಳು ಲೋಹದೊಳಗೆ ಹೋಗುತ್ತದೆ. ಆಗ ಪಿನ್‌ಹೋಲ್ ಜಾಗದಲ್ಲಿ ಸ್ಯಾಂಡ್ ಇನ್‌ಕ್ಲೂಷನ್ ರಿಜೆಕ್ಷನ್ ಶುರುವಾಗುತ್ತದೆ. ಎಷ್ಟು ನೀರು ಬೇಕು ಅನ್ನುವುದು ಆ ಮರಳಿನ ಬೆಂಟೊನೈಟ್ ಮೇಲೆ ನಿಂತಿದೆ. ನಾನಾದರೆ ಮರಳು ಒತ್ತಿದಾಗ ಎಷ್ಟು ಕುಗ್ಗುತ್ತದೆ ಅನ್ನುವ ಕಂಪ್ಯಾಕ್ಟಿಬಿಲಿಟಿ 40ರ ಆಸುಪಾಸು ಇಟ್ಟುಕೊಂಡು ನೀರು ಎಷ್ಟು ಬಂತು ಅಂತ ನೋಡುತ್ತೇನೆ.

ಮಾಚೇನಹಳ್ಳಿಯವರೇ, ಈಗಲೇ ಬರುವುದಿಲ್ಲ. ಮೊದಲು ಒಂದು ಕೆಲಸ ಮಾಡಿ, ಇದಕ್ಕೆ ಶುಲ್ಕವಿಲ್ಲ. ಮೂರು ದಿನ ಸುರಿದ ಪ್ರತಿ ಪಾರ್ಟಿನ ಮೇಲೂ ಹೀಟ್ ನಂಬರ್ ಬರೆಯಿರಿ, ಅಂದರೆ ಆ ದಿನದ ಎಷ್ಟನೇ ಹೀಟ್ ಅಂತ. ಶಾಟ್ ಬ್ಲಾಸ್ಟಿನಲ್ಲಿ ಸುಣ್ಣದ ಬರಹ ಅಳಿಸಿಹೋಗುತ್ತದೆ, ಹಾಗಾಗಿ ರನ್ನರ್ ಮುರಿದ ಜಾಗದ ಹತ್ತಿರ ಉಳಿಯಿಂದ ಗೆರೆ ಹಾಕಿಸಿ. ಒಂದು ಗೆರೆ ಮೊದಲ ಹೀಟ್, ಎರಡು ಗೆರೆ ಎರಡನೆಯದು. ಮೆಷಿನಿಂಗಿನಿಂದ ವಾಪಸ್ ಬಂದ ಪಾರ್ಟುಗಳನ್ನು ಗೆರೆ ಲೆಕ್ಕದಲ್ಲಿ ಗುಡ್ಡೆ ಹಾಕಿ. ತೂತು ಮೇಲಿನ ಬಾಕ್ಸ್ ಕಡೆಯೋ ಕೆಳಗಿನ ಬಾಕ್ಸ್ ಕಡೆಯೋ, ಒಳಗೆ ಹೊಳಪಿದೆಯೋ ಮಂಕಾಗಿದೆಯೋ, ಇಷ್ಟು ಬರೆದು ತಿಳಿಸಿ. ಇದಿಲ್ಲದೆ ನಾನು ಬಂದರೆ ಒಂದು ದಿನ ಪೂರ್ತಿ ಊಹೆ ಮಾಡುತ್ತಾ ಟೀ ಕುಡಿದು ಬರುತ್ತೇನೆ, ಅಷ್ಟೇ.

ಅಪ್ಪಾಜಿ ಹಾಸನ

ಸರ್, ನನ್ನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ನಿಮ್ಮ ಫೌಂಡ್ರಿಯಲ್ಲಿ ಏನಾದ್ರೂ ಕೆಲಸ ಇದ್ರೆ ದಯವಿಟ್ಟು ನೋಡಿ. ಎಷ್ಟು ಸಂಬಳ ಕೊಟ್ಟರೂ ಪರವಾಗಿಲ್ಲ.

ಹಳೇ ಕುಲುಮೆ

ಅಪ್ಪಾಜಿಯವರೇ, ನನಗೆ ಫೌಂಡ್ರಿ ಇಲ್ಲ, ನಾನೇ ನಿವೃತ್ತ. ಕೆಲಸ ಕೊಡಿಸಲು ಆಗುವುದಿಲ್ಲ. ಮಗನಿಗೆ ಈ ಕ್ಷೇತ್ರದಲ್ಲಿ ನಿಜವಾಗಿ ಆಸಕ್ತಿ ಇದ್ದರೆ ಶನಿವಾರ ಸಂಜೆ ಆರಕ್ಕೆ ಅವನೇ ಫೋನ್ ಮಾಡಲಿ, ನೀವಲ್ಲ. ವಿದ್ಯಾರ್ಥಿಗಳಿಗೆ ಆ ಒಂದು ಗಂಟೆ ಉಚಿತ.

ಹುಬ್ಬಳ್ಳಿ ಮಷಿನ್ ಶಾಪ್

ನಾನು ಇನ್ನೊಂದು ಕಡೆಯಿಂದ ಮಾತಾಡ್ತೀನಿ. ನಾನು ಕಾಸ್ಟಿಂಗ್ ಕೊಳ್ಳೋನು. ನಮ್ಮ ಸಪ್ಲೈಯರ್ ಒಬ್ಬರು ಹಿಂದೆ ಹೀಗೇ ಒಬ್ಬ ಸಲಹೆಗಾರರನ್ನ ಇಟ್ಕೊಂಡಿದ್ರು. ತಿಂಗಳು ತಿಂಗಳು ಹಣ ಹೋಯ್ತು, ಒಂದು ಹೊಸ ಪೌಡರ್ ಬಂತು, ರಿಜೆಕ್ಷನ್ ಇದ್ದಲ್ಲೇ ಇತ್ತು. ನೀವು ಸಾಚಾ ಇರಬಹುದು, ಆದ್ರೆ ಫಿಕ್ಸ್ ಫೀ ತಗೊಳ್ಳೋರಿಗೆ ಕಳ್ಕೊಳ್ಳೋಕೆ ಏನಿದೆ? ರಿಜೆಕ್ಷನ್ ಇಳಿದ್ರೆ ಉಳಿತಾಯದಲ್ಲಿ ಪಾಲು ತಗೊಳ್ಳಿ, ಇಳಿಯದಿದ್ರೆ ಬೇಡ. ಅದು ನ್ಯಾಯ.

ಹಳೇ ಕುಲುಮೆ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಪಾಲಿನ ಲೆಕ್ಕ ನಾನು ಒಪ್ಪುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಫೌಂಡ್ರಿಯಲ್ಲಿ ರಿಜೆಕ್ಷನ್ ಅನ್ನುವುದು ಒಂದೇ ಸಂಖ್ಯೆಯಲ್ಲ. ನಾಕೌಟ್‌ನಲ್ಲಿ ಕಂಡ ಹಾಳು ಪಾರ್ಟು ಬಹಳ ಕಡೆ ಲೆಕ್ಕಕ್ಕೇ ಬರದೆ ನೇರ ಫರ್ನೇಸಿಗೆ ಹೋಗುತ್ತದೆ. ಫೆಟ್ಲಿಂಗ್‌ನಲ್ಲಿ ತೆಗೆದಿಟ್ಟದ್ದು ಒಂದು ಪುಸ್ತಕದಲ್ಲಿ, ಗಿರಾಕಿ ವಾಪಸ್ ಕಳಿಸಿದ್ದು ಇನ್ನೊಂದು ಪುಸ್ತಕದಲ್ಲಿ. ಗಿರಾಕಿಯ ಮಾಲು ಬರುವುದು ಎರಡು ತಿಂಗಳ ನಂತರ. ಈ ಸಂಖ್ಯೆಗೆ ನನ್ನ ದುಡ್ಡನ್ನು ಕಟ್ಟಿದರೆ ಮೊದಲು ಆಗುವ ಅನಾಹುತ ಅಂದರೆ ಲೆಕ್ಕ ಸುಳ್ಳಾಗುವುದು. ಮಾಲೀಕರಿಗೆ ರಿಜೆಕ್ಷನ್ ಹೆಚ್ಚು ತೋರಿಸುವ ಆಸೆ, ನನಗೆ ಕಡಿಮೆ ತೋರಿಸುವ ಆಸೆ. ಸುಪರ್‌ವೈಸರ್ ನಡುವೆ ಸಿಕ್ಕಿಕೊಂಡು ತೂತಿಗೆ ಪುಟ್ಟಿ ತುಂಬಿ ಕಳಿಸುತ್ತಾನೆ. ಅದು ಕೊನೆಗೆ ನಿಮ್ಮಂಥವರ ಮೆಷಿನ್ ಮೇಲೆ ಬಂದು ಕೂರುತ್ತದೆ.

ನಿಮ್ಮ ಭಯಕ್ಕೆ ನನ್ನ ಉತ್ತರ ಇಷ್ಟೇ: ಮೂರು ತಿಂಗಳು ಅಂದರೂ ಯಾವ ಭೇಟಿಯ ನಂತರವಾದರೂ ಕಾರಣ ಹೇಳದೆ ನಿಲ್ಲಿಸಬಹುದು. ಮುಂಗಡ ತೆಗೆದುಕೊಳ್ಳುವುದಿಲ್ಲ.

ಹುಬ್ಬಳ್ಳಿ ಮಷಿನ್ ಶಾಪ್

ಪುಟ್ಟಿ ವಿಷಯ ಹೇಳಿದ್ದು ನೂರಕ್ಕೆ ನೂರು ನಿಜ, ಬೋರಿಂಗ್ ಮಾಡುವಾಗ ಉದುರಿ ಬೀಳುತ್ತೆ. ಆದ್ರೂ ನನ್ನ ಮಾತು ನಾನು ಬಿಡಲ್ಲ. ಫೀ ಅರ್ಧ ಈಗ, ಅರ್ಧ ಫಲ ಕಂಡ ಮೇಲೆ ಅಂತ ಇಟ್ಟರೆ ಏನು ತಪ್ಪು?

ಲೆಕ್ಕದ ಮೇಷ್ಟ್ರು

ನಡುವೆ ಬಾಯಿ ಹಾಕ್ತೀನಿ. ಹುಬ್ಬಳ್ಳಿಯವರ ಅರ್ಧರ್ಧ ಲೆಕ್ಕದಲ್ಲಿ ಫಲ ಕಂಡಿದೆ ಅಂತ ಯಾರು ಹೇಳೋದು ಅನ್ನೋದೇ ಜಗಳ ಆಗುತ್ತೆ, ನಾನು ಇಂಥ ಎರಡು ಪ್ರಕರಣ ನೋಡಿದೀನಿ. ಅದಿರಲಿ, ಸರ್, ಬಿಲ್ ಹೇಗೆ ಕೊಡ್ತೀರಿ?

ಎರಡು ಶಿಫ್ಟ್

ಜಿಎಸ್‌ಟಿ ನಂಬರ್ ಇಲ್ದೆ ಬಿಲ್ ಕೊಡೋಕೇ ಬರಲ್ಲ. ಅದರಲ್ಲೂ ಕೊಲ್ಲಾಪುರಕ್ಕೆ ಹೋದ್ರೆ ಬೇರೆ ರಾಜ್ಯ, ಒಂದು ರೂಪಾಯಿ ಆದ್ರೂ ನೋಂದಣಿ ಕಡ್ಡಾಯ.

ಲೆಕ್ಕದ ಮೇಷ್ಟ್ರು

ಹಾಗಿಲ್ಲ. ಬೇರೆ ರಾಜ್ಯಕ್ಕೆ ಸರಕು ಮಾರೋರ ನಿಯಮ ನಿಮ್ಮ ತಲೆಯಲ್ಲಿದೆ. ಸೇವೆ ಕೊಡೋರಿಗೆ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟೋವರೆಗೆ ನೋಂದಣಿ ಬೇಡ, ಸೇವೆ ಬೇರೆ ರಾಜ್ಯಕ್ಕೆ ಕೊಟ್ಟರೂ ಇದೇ. 2017ರಲ್ಲೇ ಈ ವಿನಾಯಿತಿ ಬಂತು. ಇವರು ವಾರಕ್ಕೆ ಎರಡು ದಿನ, ಭೇಟಿಗೆ 6,000ದಂತೆ ವರ್ಷಪೂರ್ತಿ ಓಡಾಡಿದರೂ ಏಳು ಲಕ್ಷ ದಾಟಲ್ಲ. ಮಾಮೂಲಿ ಬಿಲ್ ಕೊಡಬಹುದು, ಅದರಲ್ಲಿ ಜಿಎಸ್‌ಟಿ ಹಾಕೋ ಹಾಗಿಲ್ಲ. ಫೌಂಡ್ರಿಯವರು ವೃತ್ತಿ ಶುಲ್ಕದ ಮೇಲೆ ಶೇ. 10 ಟಿಡಿಎಸ್ ಹಿಡಿಯೋ ಪ್ರಶ್ನೆ ವರ್ಷದ ಮೊತ್ತ ಮಿತಿ ದಾಟಿದಾಗ ಬರುತ್ತೆ. ಪ್ಯಾನ್ ಮಾತ್ರ ಬಿಲ್ ಮೇಲೆ ಇರಲಿ.

ಮೈಸೂರು ಲ್ಯಾಬ್

ರಾಯರೇ, ನಾನು ಔಷಧ ಕಂಪನಿಯ ಲ್ಯಾಬಿನಿಂದ ನಿವೃತ್ತಳಾದವಳು, ನಿಮ್ಮ ಕ್ಷೇತ್ರವೇ ಬೇರೆ. ಆದರೂ ಒಂದು ಮಾತು ಹೇಳಲೇಬೇಕು. ನಾನು ಒಂದು ಸಣ್ಣ ಘಟಕಕ್ಕೆ ಹೀಗೇ ಸಲಹೆ ಕೊಡಲು ಹೋಗಿದ್ದೆ. ಆರು ತಿಂಗಳಾದ ಮೇಲೆ ಯಾರೋ ಪರಿಚಯದವರು ಹೇಳಿದರು, ಅವರ ವೆಬ್‌ಸೈಟಿನಲ್ಲಿ ನಾನೇ ಗುಣಮಟ್ಟದ ಮುಖ್ಯಸ್ಥೆ ಅಂತ ಫೋಟೊ ಸಮೇತ ಹಾಕಿದ್ದಾರೆ ಎಂದು! ಗಿರಾಕಿಗಳ ಆಡಿಟ್‌ಗೆ ನನ್ನ ಹೆಸರು ತೋರಿಸುತ್ತಿದ್ದರಂತೆ. ನಾನು ನೋಡಿಯೇ ಇರದ ಬ್ಯಾಚ್‌ಗೆ ನನ್ನ ಹೆಸರು. ಹೊರಗೆ ಬರಲು ವಕೀಲರ ಪತ್ರವೇ ಬೇಕಾಯಿತು. ನೀವು ಇಷ್ಟೆಲ್ಲ ಬರೆದಿದ್ದೀರಿ, ಹೆಸರಿನ ವಿಷಯ ಮಾತ್ರ ಬರೆದಿಲ್ಲ.

ಹಳೇ ಕುಲುಮೆ

ಅಮ್ಮಾ, ಬಹಳ ಉಪಕಾರವಾಯಿತು. ಮೊದಲ ಭೇಟಿಗೆ ಮುಂಚೆ ಒಂದು ಪುಟದ ಪತ್ರ ಕೊಡುತ್ತೇನೆ, ಅದಕ್ಕೆ ಎರಡು ಸಾಲು ಸೇರಿಸುತ್ತೇನೆ. ಟೆಸ್ಟ್ ಸರ್ಟಿಫಿಕೇಟ್, ಗಿರಾಕಿಗೆ ಹೋಗುವ ಪಿಪ್ಯಾಪ್ ಕಾಗದ, ಆಡಿಟ್ ಉತ್ತರ ಯಾವುದಕ್ಕೂ ನಾನು ಸಹಿ ಹಾಕುವುದಿಲ್ಲ. ನನ್ನ ಹೆಸರು, ಫೋಟೊ ಎಲ್ಲೂ ಬಳಸುವಂತಿಲ್ಲ. ನಾನು ಹೇಳಿದ್ದನ್ನು ಜಾರಿ ಮಾಡುವುದು ಬಿಡುವುದು ಮಾಲೀಕರ ತೀರ್ಮಾನ.

ಉದ್ಯಮಬಾಗ್ ಹುಡುಗ

ಸರ್ರ, ನಾನು ಇಲ್ಲೇ ಒಂದು ಫೌಂಡ್ರ್ಯಾಗ ಸುಪರ್‌ವೈಸರ್ ಅದೀನ್ರಿ. ನಮ್ಮ ಮಾಲಕ್ರು ಕನ್ಸಲ್ಟೆಂಟ್‌ಗೆ ರೊಕ್ಕ ಕೊಡಂಗಿಲ್ರಿ, ಅದು ಪಕ್ಕಾ. ನಾ ಒಬ್ಬನ ನಿಮ್ಮ ಹತ್ರ ಕಲೀಬೇಕಂದ್ರ ಹೆಂಗ್ರಿ? ನಮ್ಮಲ್ಲಿ ಸ್ಯಾಂಡ್ ಟೆಸ್ಟಿಂಗ್ ಅಂದ್ರ ಮುಂಜಾನೆ ಒಂದ್ಸಲ ಅಷ್ಟ. ಮಧ್ಯಾಹ್ನದ ಮ್ಯಾಲ ಮರಳ ಬಿಸಿ ಆಗಿ ಬರ್ತೈತಿ, ಯಾರೂ ನೋಡಂಗಿಲ್ಲ.

ಹಳೇ ಕುಲುಮೆ

ತಮ್ಮಾ, ಶನಿವಾರದ ಗಂಟೆ ನಿನಗೂ ಉಂಟು. ಆದರೆ ಮಾಲೀಕರಿಗೆ ಗೊತ್ತಿಲ್ಲದೆ ಅವರ ಗಿರಾಕಿಯ ಡ್ರಾಯಿಂಗು, ರಿಜೆಕ್ಷನ್ ಪುಸ್ತಕದ ಫೋಟೊ ನನಗೆ ಕಳಿಸಬೇಡ. ವಿಷಯ ಮಾತಾಡೋಣ, ಮಾಲೀಕರ ಕಾಗದ ಬೇಡ. ಬಿಸಿ ಮರಳಿನ ಬಗ್ಗೆ ನೀನು ಹಿಡಿದದ್ದು ಸರಿ. ಮುಂಜಾನೆ ತಣ್ಣಗಿದ್ದಾಗ ಸರಿಯಾಗಿದ್ದ ಮರಳು ಮಧ್ಯಾಹ್ನ ಮಿಕ್ಸರಿನಿಂದ ಮೋಲ್ಡಿಗೆ ಹೋಗುವಷ್ಟರಲ್ಲೇ ನೀರು ಕಳೆದುಕೊಳ್ಳುತ್ತದೆ. ಅದರ ಹಬೆ ತಣ್ಣನೆಯ ಪ್ಯಾಟರ್ನಿಗೆ ತಾಗಿ ಮರಳು ಅಂಟುತ್ತದೆ. ಊಟದ ನಂತರದ ಮೊದಲ ಬ್ಯಾಚನ್ನೂ ಒಮ್ಮೆ ಟೆಸ್ಟ್ ಮಾಡಿ ಎರಡು ಸಂಖ್ಯೆ ಪಕ್ಕಪಕ್ಕ ಬರೆದಿಡು.

ಮಾಚೇನಹಳ್ಳಿಯವ

ಸರ್, ನೀವು ಹೇಳಿದ ಹಾಗೆ ಗೆರೆ ಹಾಕಿಸಿದ್ವಿ. ಸೋಮವಾರದಿಂದ ಬುಧವಾರ. ದಿನಕ್ಕೆ ಐದು ಹೀಟು, ಹೀಟಿಗೆ ಸುಮಾರು 36 ಪಾರ್ಟು. ಮೂರು ದಿನಕ್ಕೆ ಒಟ್ಟು 540 ಪಾರ್ಟ್. ಮೆಷಿನಿಂಗ್ ಆಗಿ 58 ವಾಪಸ್ ಬಂತು. ಗುಡ್ಡೆ ಹಾಕಿದಾಗ ನಾನೇ ದಂಗಾದೆ. 58ರಲ್ಲಿ 37 ಒಂದು ಗೆರೆಯವು, ಅಂದ್ರೆ ದಿನದ ಮೊದಲ ಹೀಟು. ಸೋಮವಾರದ ಮೊದಲ ಹೀಟ್ ಒಂದರಲ್ಲೇ 19. ಮಿಕ್ಕ 21 ಬೇರೆ ಹೀಟುಗಳಲ್ಲಿ ಹರಡಿಕೊಂಡಿದೆ. ಒಂದು ಗೆರೆಯವಲ್ಲಿ ತೂತು ಗುಂಡುಪಿನ್ನಿನ ತಲೆಯಷ್ಟಿದೆ, ಚರ್ಮದ ಕೆಳಗೆ ಎರಡು ಮಿಲಿಮೀಟರ್ ಒಳಗೆ, ಒಳಗೆ ಹೊಳಪಿದೆ. ಮೇಲೆ ಕೆಳಗೆ ಎರಡೂ ಕಡೆ ಇದೆ.

ಎರಡು ಶಿಫ್ಟ್

ಹೊಳಪು ಅಂದ್ರೆ ಗ್ಯಾಸು. ಸ್ಟೀಲ್ ಸ್ಕ್ರ್ಯಾಪ್ ಜಾಸ್ತಿ ಹಾಕ್ತಿದೀರಾ? ನೈಟ್ರೋಜನ್ ಇರಬಹುದು.

ಹಳೇ ಕುಲುಮೆ

ಗ್ಯಾಸ್ ಅನ್ನುವುದು ಸರಿ. ನೈಟ್ರೋಜನ್ ಆಗಿದ್ದರೆ ತೂತು ಗುಂಡಗಿರುವುದಕ್ಕಿಂತ ಬಿರುಕಿನ ಹಾಗೆ ಉದ್ದುದ್ದ ಇರುತ್ತದೆ, ದಪ್ಪ ಭಾಗದಲ್ಲಿ, ರೆಸಿನ್ ಕೋರ್ ಹತ್ತಿರ ಹೆಚ್ಚು. ಅದಕ್ಕಿಂತ ಮುಖ್ಯ, ಸ್ಕ್ರ್ಯಾಪ್ ಐದು ಹೀಟಿಗೂ ಒಂದೇ. ಮರಳೂ ಐದು ಹೀಟಿಗೆ ಒಂದೇ. ಮರಳೇ ಕಾರಣವಾಗಿದ್ದರೆ ಐದೂ ಗುಡ್ಡೆ ಹೆಚ್ಚುಕಡಿಮೆ ಸಮ ಇರಬೇಕಿತ್ತು. ಮೊದಲ ಹೀಟಿಗೆ ಮಾತ್ರ ಇರುವಂಥದ್ದು, ಭಾನುವಾರ ರಜೆ ಕಳೆದು ಸೋಮವಾರ ಇನ್ನೂ ಹೆಚ್ಚಾಗುವಂಥದ್ದು ನಿಮ್ಮಲ್ಲಿ ಏನಿದೆ? ನನ್ನ ಅನುಮಾನ ಕರಗಿದ ಲೋಹ ಹೊರುವ ಲೇಡಲ್ ಮೇಲೆ. ಲೇಡಲ್ ಪ್ಯಾಚ್ ಯಾವಾಗ ಮಾಡ್ತೀರಿ, ಬೆಳಿಗ್ಗೆ ಹೇಗೆ ಕಾಯಿಸ್ತೀರಿ?

ಮಾಚೇನಹಳ್ಳಿಯವ

ಸಂಜೆ ಕೆಲಸ ಮುಗಿದ ಮೇಲೆ ಹುಡುಗರು ಸ್ಲ್ಯಾಗ್ ಕೆರೆದು, ಹೋದ ಜಾಗಕ್ಕೆ ರ್‍ಯಾಮಿಂಗ್ ಮಾಸ್‌ಗೆ ನೀರು ಕಲಸಿ ಮೆತ್ತುತ್ತಾರೆ. ಬೆಳಿಗ್ಗೆ ಸೌದೆ ಹಾಕಿ ಕಾಲು ಗಂಟೆ ಉರಿಸ್ತೀವಿ. ಮೊದಲು ಡೀಸೆಲ್ ಬರ್ನರ್ ಇತ್ತು, ಕೆಟ್ಟು ಮೂಲೆ ಸೇರಿದೆ. ಮ್ಯಾಗ್ನೀಷಿಯಂ ಸೇರಿಸೋ ಟ್ರೀಟ್‌ಮೆಂಟ್ ಲೇಡಲ್‌ಗೂ ಇದೇ ಕತೆ.

ಹಳೇ ಕುಲುಮೆ

ಮಳೆಗಾಲದಲ್ಲಿ ಸೌದೆಯೂ ಹಸಿ, ಕಾಲು ಗಂಟೆಗೆ ಲೈನಿಂಗಿನ ಮೇಲ್ಮೈ ಒಣಗುತ್ತದೆ, ಬೆನ್ನಿನ ಕಡೆಯ ನೀರು ಅಲ್ಲೇ ಇರುತ್ತದೆ. 1,400 ಡಿಗ್ರಿಯ ಲೋಹ ಬಿದ್ದ ಕೂಡಲೇ ಆ ನೀರು ಒಡೆದು ಹೈಡ್ರೋಜನ್ ಲೋಹಕ್ಕೆ ಸೇರುತ್ತದೆ, ಗಟ್ಟಿಯಾಗುವಾಗ ಚರ್ಮದ ಕೆಳಗೆ ಪಿನ್‌ಹೋಲ್ ಆಗುತ್ತದೆ. ಒಂದು ಹೀಟ್ ಆದ ಮೇಲೆ ಲೇಡಲ್ ತಾನಾಗಿಯೇ ಒಣಗುತ್ತದೆ, ಆದ್ದರಿಂದಲೇ ಎರಡನೇ ಹೀಟಿನಿಂದ ಕಡಿಮೆ.

ಗುರುತು ಹಿಡಿಯುವುದು ಸುಲಭ. ನಾಳೆ ಮೊದಲ ಟ್ಯಾಪಿಂಗ್ ಆದಾಗ ಲೇಡಲ್ ಶೆಲ್ಲಿನ ಸಣ್ಣ ವೆಂಟ್ ತೂತುಗಳನ್ನು ದೂರ ನಿಂತು ನೋಡಿ. ಅಲ್ಲಿಂದ ಹಬೆ ಹೊರಟರೆ ಒಳಗೆ ನೀರಿದೆ. ಹತ್ತಿರ ಹೋಗಬೇಡಿ, ಹಸಿ ಲೇಡಲ್ ಲೋಹವನ್ನು ಎಗರಿಸುತ್ತದೆ. ಅದು ರಿಜೆಕ್ಷನ್‌ಗಿಂತ ದೊಡ್ಡ ಅಪಾಯ.

ಪ್ಯಾಚಿಂಗನ್ನು ಸಂಜೆ ಲೇಡಲ್ ಬಿಸಿ ಇರುವಾಗಲೇ, ನೀರು ಎಷ್ಟು ಕಡಿಮೆ ಸಾಧ್ಯವೋ ಅಷ್ಟರಲ್ಲಿ ಮಾಡಿಸಿ. ಬರ್ನರ್ ರಿಪೇರಿ ಮಾಡಿಸಿ, ಬೆಳಿಗ್ಗೆ ಕನಿಷ್ಠ ಒಂದು ಗಂಟೆ ಉರಿ. ಒಳಗಡೆ ಮಂದ ಕೆಂಪು ಕಂಡ ಮೇಲೆ ಮಾತ್ರ ಟ್ಯಾಪಿಂಗ್. ಮರಳಿಗೆ ಕೈ ಹಾಕಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಹುಬ್ಬಳ್ಳಿ ಮಷಿನ್ ಶಾಪ್

ಇದನ್ನೆಲ್ಲ ಇಲ್ಲೇ ಪುಕ್ಕಟೆ ಹೇಳಿಬಿಟ್ರಲ್ಲ ಸರ್, ಇನ್ನು ನಿಮ್ಮನ್ನ 6,000 ಕೊಟ್ಟು ಯಾರು ಕರೀತಾರೆ? 😀

ಹಳೇ ಕುಲುಮೆ

ಮಿಕ್ಕ 21ಕ್ಕೆ ಕರೆಯುತ್ತಾರೆ.

ಮಾಚೇನಹಳ್ಳಿಯವ

ಸರ್, ಹಬೆ ಬಂತು. ಬರ್ನರ್ ರಿಪೇರಿಗೆ ಎರಡು ದಿನ ಹಿಡೀತು. ಆಮೇಲೆ ಮತ್ತೆ ಮೂರು ದಿನ ಲೆಕ್ಕ ಇಟ್ವಿ. ಮೊದಲ ಹೀಟಿನಲ್ಲಿ 37 ಇದ್ದದ್ದು 8ಕ್ಕೆ ಬಂದಿದೆ. ಬೇರೆ ಹೀಟುಗಳದ್ದು ಅಲ್ಲೇ ಇದೆ, ಈ ಸಲ 23. ಈಗ ನೋಡಿದ್ರೆ ಅದರ ಗುರುತೇ ಬೇರೆ. ತೂತು ಅಲ್ಲ, ಕಪ್ಪು ಮಂಕು ಕಲೆ, ಮೇಲಿನ ಬಾಕ್ಸ್ ಕಡೆ ಮಾತ್ರ. ಟೂಲ್ ಹೋದ ಜಾಗದಲ್ಲಿ ಸುಕ್ಕುಸುಕ್ಕಾಗಿ ಕಾಣುತ್ತೆ.

ಎರಡು ಶಿಫ್ಟ್

ಸ್ಲ್ಯಾಗ್ ಸರಿಯಾಗಿ ತೆಗೀತಿಲ್ಲ ನಿಮ್ಮ ಹುಡುಗರು. ರನ್ನರಲ್ಲಿ ಫಿಲ್ಟರ್ ಹಾಕಿ.

ಹಳೇ ಕುಲುಮೆ

ಡ್ರಾಸ್ ಇರಬಹುದು, ಅಂದರೆ ಲೋಹದ ಮ್ಯಾಗ್ನೀಷಿಯಂ ಗಾಳಿ ತಾಗಿ ಆಗುವ ಕಿಟ್ಟ. ಫಿಲ್ಟರ್ ಹಾಕಿದರೆ ಸ್ವಲ್ಪ ತಡೆದೀತು, ಆದರೆ ಫಿಲ್ಟರ್ ಆದ ಮೇಲೂ ಮೋಲ್ಡಿನೊಳಗೆ ಡ್ರಾಸ್ ಹುಟ್ಟುತ್ತದೆ. ಉಳಿಕೆ ಮ್ಯಾಗ್ನೀಷಿಯಂ ಎಷ್ಟು ಬರುತ್ತಿದೆ, ಕೊನೆಯ ಬಾಕ್ಸ್ ಸುರಿಯುವಾಗ ಲೋಹ ಎಷ್ಟು ಡಿಗ್ರಿ ಇರುತ್ತದೆ?

ಮಾಚೇನಹಳ್ಳಿಯವ

ಸ್ಪೆಕ್ಟ್ರೋ ನಮ್ಮಲ್ಲಿಲ್ಲ ಸರ್. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗುತ್ತೆ, ರಿಪೋರ್ಟ್ ಬರೋದು ಸಂಜೆ. ಹೋದ ವಾರದ್ದು 0.058 ಇದೆ. ಡಿಗ್ರಿ ಟ್ಯಾಪಿಂಗ್‌ನಲ್ಲಿ ಮಾತ್ರ ನೋಡ್ತೀವಿ.

ಹಳೇ ಕುಲುಮೆ

0.058 ನನ್ನ ಲೆಕ್ಕಕ್ಕೆ ಹೆಚ್ಚಾಯಿತು. 450/10ಕ್ಕೆ 0.040ರ ಸುತ್ತಮುತ್ತ ಸಾಕು. ಆದರೆ ರಿಪೋರ್ಟ್ ನೋಡಿ ಈಗಲೇ ಅಲಾಯ್ ಕಡಿಮೆ ಮಾಡಬೇಡಿ. ಆ ಸ್ಯಾಂಪಲ್ ಟ್ರೀಟ್‌ಮೆಂಟ್ ಆದ ಕೂಡಲೇ ತೆಗೆದದ್ದೋ, ಕೊನೆಯ ಬಾಕ್ಸ್ ಹೊತ್ತಿಗೋ? ಮ್ಯಾಗ್ನೀಷಿಯಂ ನಿಮಿಷ ನಿಮಿಷಕ್ಕೆ ಇಳಿಯುತ್ತದೆ. ಮೊದಲ ಬಾಕ್ಸಿಗೆ ಹೆಚ್ಚಾದದ್ದು ಕೊನೆಯ ಬಾಕ್ಸಿಗೆ ಸರಿಯಾಗಿರಬಹುದು. ಕಡಿಮೆ ಮಾಡಿಬಿಟ್ಟು ಕೊನೆಯ ಪಾರ್ಟುಗಳಲ್ಲಿ ಗ್ರಾಫೈಟ್ ಗುಂಡಗಾಗದೆ ಹೋದರೆ, ಆ ದೋಷ ಕಣ್ಣಿಗೆ ಕಾಣುವುದೇ ಇಲ್ಲ, ಗಿರಾಕಿಯ ಗಾಡಿಯಲ್ಲಿ ಮುರಿಯುತ್ತದೆ. ಟ್ರೀಟ್‌ಮೆಂಟಿನಿಂದ ಕೊನೆಯ ಬಾಕ್ಸಿನವರೆಗೆ ಗಡಿಯಾರ ಹಿಡಿದು ನಾನೇ ನಿಂತು ನೋಡಬೇಕು. ಇದು ಇಲ್ಲಿ ಬರೆದು ಮುಗಿಸುವ ಕೆಲಸ ಅಲ್ಲ.

ಮಾಚೇನಹಳ್ಳಿಯವ

ಹಾಗಾದ್ರೆ ಮುಂದಿನ ಗುರುವಾರ ಬನ್ನಿ ಸರ್. ಬುಧವಾರ ರಾತ್ರಿಗೆ ರೂಮ್ ಮಾಡಿಸ್ತೀನಿ. ಮೊದಲ ಟ್ಯಾಪಿಂಗ್ ಎಂಟೂವರೆಗೆ. ಮೆಲ್ಟಿಂಗ್ ಹುಡುಗ ಮತ್ತು ಮೋಲ್ಡಿಂಗ್ ಸುಪರ್‌ವೈಸರ್ ಇಬ್ಬರನ್ನೂ ನಿಮ್ಮ ಜೊತೆ ಬಿಡ್ತೀನಿ.

ಹಳೇ ಕುಲುಮೆ

ಆಗಲಿ. ಮೊದಲ ಬಾಕ್ಸ್, ನಡುವಿನ ಬಾಕ್ಸ್, ಕೊನೆಯ ಬಾಕ್ಸ್ ಹೀಗೆ ಮೂರು ಕಡೆ ಸ್ಯಾಂಪಲ್ ತೆಗೆಯಲು ಚಿಲ್ ಮೋಲ್ಡ್ ಸಿದ್ಧ ಇಟ್ಟಿರಿ. ಲ್ಯಾಬಿನವರಿಗೆ ಅವತ್ತು ಮಧ್ಯಾಹ್ನದೊಳಗೆ ರಿಪೋರ್ಟ್ ಬೇಕು ಅಂತ ಮೊದಲೇ ಹೇಳಿಡಿ. ಪತ್ರ ಇವತ್ತೇ ಕಳಿಸುತ್ತೇನೆ, ಓದಿ ಒಪ್ಪಿಗೆ ಬರೆಯಿರಿ.

ಹುಬ್ಬಳ್ಳಿ ಮಷಿನ್ ಶಾಪ್

ಅರ್ಧ ಫೀ ವಿಷಯ ಹಾಗೇ ಬಿಟ್ಟು ಹೋದ್ರಿ ಸರ್.

ಹಳೇ ಕುಲುಮೆ

ಬಿಟ್ಟಿಲ್ಲ, ಒಪ್ಪಿಲ್ಲ. ನಿಮ್ಮ ಸಪ್ಲೈಯರ್‌ಗೆ ಮುಂದಿನ ಮಂಗಳವಾರ ಖಾಲಿ ಇದೆ, ಬೇಕಾದರೆ ಗೆರೆ ಹಾಕಿಸಲು ಹೇಳಿ.